22 ಪ್ರಶ್ನೆಗಳು ಯಾರವು?

ಎಂಎಸ್‌ಡಬ್ಲ್ಯು, ನರ್ಸಿಂಗ್, ಸೈಕಾಲಜಿ ಓದುವ ಮಕ್ಕಳಿರುವ ಮನೆಗಳಲ್ಲಿ ಕೊನೆಯ ವರ್ಷದ ಡಿಸರ್ಟೇಶನ್ ಗಲಾಟೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ವಿಷಯ ಸಿಕ್ಕಿತು, ಗೈಡ್ ಒಪ್ಪಿದರು, ಮಾತಾಡಿಸಲು ಜನರೂ ಸಿಕ್ಕರು ಎನ್ನುವಾಗ ಉಳಿಯುವ ಪ್ರಶ್ನೆ ಒಂದೇ: ಯಾವ ಪ್ರಶ್ನಾವಳಿ? ಹೊಸದಾಗಿ ಬರೆದು ಅದು ಸರಿಯಾಗಿ ಅಳೆಯುತ್ತದೆಯೇ ಎಂದು ಪರೀಕ್ಷಿಸುವುದಕ್ಕೇ ವರ್ಷಗಟ್ಟಲೆ ಬೇಕು. ಆದ್ದರಿಂದ ಯಾರೋ ಮೊದಲೇ ಮಾಡಿಟ್ಟದ್ದನ್ನು ಬಳಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅಳತೆಗೋಲು ಇರುವುದೇ ಹತ್ತು ಜನ ಬಳಸಲಿ ಎಂದು. ಆದರೆ ಅದು ಕೈಗೆ ಯಾವ ದಾರಿಯಲ್ಲಿ ಬಂತು ಎಂದು ಕೇಳುವವರು ಕಡಿಮೆ.

ನನ್ನ ಕೆಲಸ ಇಂಥ ಅಧ್ಯಯನಗಳ ಕಾಗದಪತ್ರ ನೋಡುವುದಾದ್ದರಿಂದ, ನಮ್ಮ ಕನ್ನಡ ಸಂಘದ ಪರಿಚಯದಲ್ಲಿ ಯಾರ ಮಕ್ಕಳಿಗಾದರೂ ಸಂಶೋಧನೆಯ ತಲೆಬಿಸಿ ಬಂದರೆ ನನ್ನ ನಂಬರು ಕೊಡುತ್ತಾರೆ. ಈ ಸಲ ಬಂದವಳು ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ, ಬೆಳ್ತಂಗಡಿ ಕಡೆ ಮೂಲದ ಹುಡುಗಿ. ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವ ಕನ್ನಡ ಕುಟುಂಬಗಳ ಹೆಂಗಸರ ಬಗ್ಗೆ ಅವಳ ಅಧ್ಯಯನ. ಠಾಣೆಯಿಂದ ಕಲ್ಯಾಣದವರೆಗೆ 60 ಮನೆಗಳ ಪಟ್ಟಿ ಮಾಡಿದ್ದಳು. ಸೊಸೆಯಂದಿರು, ಮಗಳಂದಿರು, ಕೆಲವು ಕಡೆ ಹೆಂಡತಿಯರು. ಹೊರೆ ಎಷ್ಟೆಂದು ಅಳೆಯಲು ಅವಳ ಕೈಯಲ್ಲಿ ಎರಡು ಹಾಳೆಯ ಕನ್ನಡ ಪ್ರಶ್ನಾವಳಿ ಇತ್ತು. 22 ಪ್ರಶ್ನೆಗಳು, ಪ್ರತಿಯೊಂದಕ್ಕೂ ಐದು ಉತ್ತರಗಳ ಮನೆ, ಮನೆಗಳ ಮೇಲೆ 1ರಿಂದ 5ರವರೆಗೆ ಅಂಕ.

"ಎಲ್ಲಿಂದ ಸಿಕ್ಕಿತು ಇದು?" ಎಂದೆ.

"ಶೋಧಗಂಗಾದಲ್ಲಿ ಒಂದು ಥೀಸಿಸ್ ಇತ್ತು ಆಂಟಿ, ಅದರ ಕೊನೆಯ ಅನುಬಂಧದಲ್ಲಿ. ಕೆಳಗೆ ಝಾರಿಟ್ 1980 ಅಂತ ಹಾಕಿದ್ದಾರೆ. ನಾನೂ ಹಾಗೆ ಹಾಕಿದರೆ ಸಾಕಲ್ಲಾ?"

ಸಾಕಾಗುವುದಿಲ್ಲ. ಏಕೆಂದು ತಿಳಿಯಲು ಆ ಎರಡು ಹಾಳೆಯನ್ನೇ ನೋಡಿದರೆ ಆಯಿತು.

ಸ್ಟೀವನ್ ಝಾರಿಟ್ ಅಮೆರಿಕದವರು. ವಯಸ್ಸಾದವರ ಆರೈಕೆ ಮಾಡುವವರ ಮೇಲೆ ಬೀಳುವ ಹೊರೆಯನ್ನು ಅಳೆಯಲು ಅವರೂ ಸಹಲೇಖಕರೂ 1980ರಲ್ಲಿ ಒಂದು ಲೇಖನ ಪ್ರಕಟಿಸಿದರು. ಆ ಲೇಖನದಲ್ಲಿದ್ದದ್ದು 29 ಪ್ರಶ್ನೆಗಳು. ಇಂದು ಜಗತ್ತಿನಲ್ಲೆಲ್ಲ ಓಡಾಡುವ 22 ಪ್ರಶ್ನೆಗಳ ರೂಪ ಬಂದದ್ದು ಆಮೇಲೆ. ಅದರ ಕೃತಿಸ್ವಾಮ್ಯದ ಸಾಲಿನಲ್ಲಿರುವ ವರ್ಷ 1983, ಉಲ್ಲೇಖಕ್ಕೆ ಸಾಮಾನ್ಯವಾಗಿ ಕೊಡುವುದು ಝಾರಿಟ್, ಆರ್ ಮತ್ತು ಝಾರಿಟ್ ಅವರ 1985ರ ಪುಸ್ತಕವನ್ನು. 2001ರಲ್ಲಿ ಬೇರೆ ಸಂಶೋಧಕರು ಇದನ್ನೇ 12 ಪ್ರಶ್ನೆಗಳಿಗೆ ಇಳಿಸಿದ ಚಿಕ್ಕ ರೂಪವೂ ಬಂತು. ಹೀಗಿರುವಾಗ 22 ಪ್ರಶ್ನೆಗಳ ಹಾಳೆಯ ಕೆಳಗೆ 1980 ಎಂದು ಬರೆದಿದ್ದರೆ, ಬರೆದವರು ಮೂಲ ಲೇಖನ ತೆರೆದು ನೋಡಿಲ್ಲ ಎಂದು ಅರ್ಥ. ಪ್ರಶ್ನೆಗಳನ್ನು ಎಣಿಸುವುದು ನನ್ನ ಮೊದಲ ಅಭ್ಯಾಸ. ಉಲ್ಲೇಖಿಸಿದ ಲೇಖನದ ಎಣಿಕೆ ಮತ್ತು ಕೈಯಲ್ಲಿರುವ ಹಾಳೆಯ ಎಣಿಕೆ ಬೇರೆಯಾದರೆ, ಪ್ರತಿ ಮಾಡಿದವರನ್ನು ನೋಡಿ ಪ್ರತಿ ಮಾಡಿದ ಸರಪಳಿ ಅಲ್ಲಿದೆ.

ಎರಡನೆಯದಾಗಿ ನೋಡುವುದು ಅಂಕ. ಈ ಅಳತೆಗೋಲಿನಲ್ಲಿ ಅಂಕಗಳು 0ಯಿಂದ 4ರವರೆಗೆ. ಎಂದೂ ಇಲ್ಲ ಎಂದರೆ 0, ಬಹುತೇಕ ಯಾವಾಗಲೂ ಎಂದರೆ 4. 22 ಪ್ರಶ್ನೆಗೆ ಒಟ್ಟು 0ಯಿಂದ 88. ಹುಡುಗಿಯ ಹಾಳೆಯಲ್ಲಿ 1ರಿಂದ 5. ಟೈಪ್ ಮಾಡಿದವರಿಗೆ ಸೊನ್ನೆಯಿಂದ ಶುರು ಮಾಡುವುದು ವಿಚಿತ್ರ ಅನ್ನಿಸಿರಬೇಕು, ನಮ್ಮಲ್ಲಿ ಎಣಿಕೆ ಒಂದರಿಂದಲ್ಲವೇ. ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಪ್ರತಿ ಪ್ರಶ್ನೆಗೆ ಒಂದು ಅಂಕ ಹೆಚ್ಚಾದರೆ ಪ್ರತಿ ಹೆಂಗಸಿನ ಒಟ್ಟು ಅಂಕ 22 ಹೆಚ್ಚಾಗುತ್ತದೆ.

ಈಗ ಆ ಅಂಕವನ್ನು ಓದುವ ಗೆರೆಗಳನ್ನು ನೋಡೋಣ. ಸಾಮಾನ್ಯವಾಗಿ ಬಳಸುವ ವಿಂಗಡಣೆಯಲ್ಲಿ 20ರವರೆಗೆ ಹೊರೆ ಇಲ್ಲ ಅಥವಾ ಅತಿ ಕಡಿಮೆ, 21ರಿಂದ 40 ಸ್ವಲ್ಪದಿಂದ ಮಧ್ಯಮ, 41ರಿಂದ 60 ಮಧ್ಯಮದಿಂದ ತೀವ್ರ, ಅದರ ಮೇಲೆ ತೀವ್ರ. ಒಂದೊಂದು ಮೆಟ್ಟಿಲಿನ ಅಗಲ ಸುಮಾರು 20. ನಮ್ಮ ಹಾಳೆ ಸೇರಿಸುವುದು 22. ಅಂದರೆ ಆಗಲೇ ತೀವ್ರದ ಸಾಲಿನಲ್ಲಿ ಇಲ್ಲದವರೆಲ್ಲ ಕನಿಷ್ಠ ಒಂದು ಮೆಟ್ಟಿಲು ಮೇಲೆ ಹೋಗುತ್ತಾರೆ. ನಿಜವಾಗಿ 15 ಬರಬೇಕಾದ ಸೊಸೆಗೆ 37 ಬಂದು ಮಧ್ಯಮದ ಅಂಚಿಗೆ ಬರುತ್ತಾಳೆ. 30ರವಳು 52ಕ್ಕೆ ಏರುತ್ತಾಳೆ. 45ರವಳು 67 ಆಗಿ ತೀವ್ರ ಎಂಬ ಸಾಲಿಗೆ ಸೇರುತ್ತಾಳೆ. ಎಲ್ಲ ಪ್ರಶ್ನೆಗೂ ಇಲ್ಲ ಎಂದವಳಿಗೂ 22 ಸಿಕ್ಕಿ, ಹೊರೆಯೇ ಇಲ್ಲದವಳು ಎಂಬ ಸಾಲಿನಲ್ಲಿ ಒಬ್ಬರೂ ಉಳಿಯುವುದಿಲ್ಲ. ಆ ಥೀಸಿಸ್‌ನ ಕೋಷ್ಟಕ ತೆರೆದೆವು. ಮೊದಲ ಸಾಲಿನಲ್ಲಿ ಸೊನ್ನೆ ಶೇಕಡಾ ಇತ್ತು. ಆರೈಕೆ ಮಾಡುವ ಎಲ್ಲ ಮಹಿಳೆಯರೂ ಹೊರೆ ಅನುಭವಿಸುತ್ತಿದ್ದಾರೆ ಎಂದು ಅದರ ಮೇಲೆ ಒಂದು ಪ್ಯಾರಾ ಬರೆದಿದ್ದರು. ಹೆಂಗಸರ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಆ ಸೊನ್ನೆ ಶೇಕಡಾ ಬಂದದ್ದು ಅವರ ಬದುಕಿನಿಂದಲ್ಲ, ಟೈಪಿಂಗ್‌ನಿಂದ.

ಮೂರನೆಯ ಗುರುತು 22ನೇ ಪ್ರಶ್ನೆ. ಉಳಿದ 21 ಪ್ರಶ್ನೆಗಳು ಎಷ್ಟು ಸಲ ಹೀಗನ್ನಿಸುತ್ತದೆ ಎಂದು ಕೇಳುತ್ತವೆ. ಕೊನೆಯದು ಒಟ್ಟಾರೆ ಎಷ್ಟು ಹೊರೆ ಅನ್ನಿಸುತ್ತದೆ ಎಂದು ಕೇಳುತ್ತದೆ. ಹಾಗಾಗಿ ಮೂಲದಲ್ಲಿ ಅದರ ಉತ್ತರದ ಪದಗಳೇ ಬೇರೆ: ಏನೂ ಇಲ್ಲ ಎಂಬಲ್ಲಿಂದ ವಿಪರೀತ ಎಂಬಲ್ಲಿಯವರೆಗೆ. ಹುಡುಗಿಯ ಹಾಳೆಯಲ್ಲಿ ಅದಕ್ಕೂ ಅದೇ 'ಅಪರೂಪಕ್ಕೆ', 'ಆಗಾಗ' ಮನೆಗಳನ್ನು ಎಳೆದಿದ್ದರು. ಎಷ್ಟು ಹೊರೆ ಎಂದರೆ ಆಗಾಗ ಎಂದು ಯಾರು ಉತ್ತರ ಕೊಡಲಿ?

ಹಾಗಾದರೆ ಸರಿಯಾದ ಕನ್ನಡ ಪ್ರತಿ ಎಲ್ಲಿ? ಇಲ್ಲಿಂದ ಹಿಂದಕ್ಕೆ ನಡೆಯಬೇಕು. ಶೋಧಗಂಗಾದ ಆ ಥೀಸಿಸ್‌ನ ವಿಧಾನದ ಅಧ್ಯಾಯದಲ್ಲಿ, ಹಿಂದಿನ ಅಧ್ಯಯನವೊಂದರಲ್ಲಿ ಬಳಸಿದ ಕನ್ನಡ ರೂಪವನ್ನು ತೆಗೆದುಕೊಳ್ಳಲಾಗಿದೆ ಎಂಬ ಒಂದು ಸಾಲಿತ್ತು, ಹೆಸರಿರಲಿಲ್ಲ. ಗ್ರಂಥಸೂಚಿಯಲ್ಲಿ ಕನ್ನಡ ನಾಡಿನ ಆರೈಕೆದಾರರ ಬಗ್ಗೆ ಇದ್ದ ನಮೂದುಗಳು ನಾಲ್ಕೇ. ಅವನ್ನು ಒಂದೊಂದಾಗಿ ಹುಡುಕಿದಾಗ ಮೂರನೆಯದರಲ್ಲಿ ಅನುವಾದದ ವಿವರವೇ ಒಂದು ಅಧ್ಯಾಯವಾಗಿ ಸಿಕ್ಕಿತು. ಬರೆದವರು ಈಗ ನಿವೃತ್ತರಾದ ಒಬ್ಬ ಅಧ್ಯಾಪಕಿ. ವಿಭಾಗಕ್ಕೆ ಬರೆದು, ಅಲ್ಲಿಂದ ಇಮೇಲ್ ಪಡೆದು, ಹುಡುಗಿ ಪತ್ರ ಬರೆದಳು.

ಆ ಪತ್ರದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮಕ್ಕಳು ಬರೆಯುವ ಪತ್ರಗಳು ಹೆಚ್ಚಾಗಿ ಒಂದೇ ಸಾಲಿನವು: ನಿಮ್ಮ ಪ್ರಶ್ನಾವಳಿ ಕಳಿಸಿ, ತುಂಬಾ ಅರ್ಜೆಂಟ್. ಅದಕ್ಕೆ ಉತ್ತರ ಬಾರದಿದ್ದರೆ ಆಶ್ಚರ್ಯವಿಲ್ಲ. ನಾವು ಕೂತು ಬರೆದದ್ದು ಹೀಗಿತ್ತು: "ಮಾನ್ಯ ಮೇಡಂ, ನಾನು ಎಂಎಸ್‌ಡಬ್ಲ್ಯು ಕೊನೆಯ ವರ್ಷದ ವಿದ್ಯಾರ್ಥಿನಿ. ಮುಂಬಯಿ ಸುತ್ತಲಿನ 60 ಕನ್ನಡ ಕುಟುಂಬಗಳಲ್ಲಿ ಮರೆವಿನ ಕಾಯಿಲೆಯ ಹಿರಿಯರ ಆರೈಕೆ ಮಾಡುವ ಮಹಿಳೆಯರನ್ನು ಒಂದೊಂದು ಸಲ ಮುಖಾಮುಖಿ ಭೇಟಿಯಾಗಿ ಮಾತಾಡಿಸಲಿದ್ದೇನೆ. ಅಧ್ಯಯನಕ್ಕೆ ಯಾವ ಧನಸಹಾಯವೂ ಇಲ್ಲ. ನೀವು ಮಾಡಿದ 22 ಪ್ರಶ್ನೆಗಳ ಕನ್ನಡ ಅನುವಾದವನ್ನು ಒಂದಕ್ಷರವೂ ಬದಲಿಸದೆ, ಕಾಗದದ ಮೇಲೆ ಬಳಸಲು ಅನುಮತಿ ಕೋರುತ್ತೇನೆ. ಪ್ರಶ್ನೆಗಳನ್ನು ಡಿಸರ್ಟೇಶನ್‌ನಲ್ಲಿ ಮುದ್ರಿಸುವುದಿಲ್ಲ. ನಿಮ್ಮ ಅನುವಾದವನ್ನು ಯಾವ ಮಾತುಗಳಲ್ಲಿ ಉಲ್ಲೇಖಿಸಬೇಕೆಂದು ತಿಳಿಸಿ. ಮೂಲದ ಹಕ್ಕುದಾರರಿಗೂ ಬೇರೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಅನುವಾದಕ್ಕೆ ಅವರ ಅನುಮತಿ ಯಾವ ರೂಪದಲ್ಲಿತ್ತು ಎಂದು ತಿಳಿಸಿದರೆ ಸಹಾಯವಾಗುತ್ತದೆ."

ಇದರಲ್ಲಿ ಪ್ರತಿ ಸಾಲಿಗೂ ಕೆಲಸವಿದೆ. ಎಷ್ಟು ಜನ, ಎಷ್ಟು ಸಲ, ಯಾವ ರೂಪದಲ್ಲಿ, ಹಣ ಯಾರದು, ಬದಲಾವಣೆ ಇದೆಯೇ, ಮುದ್ರಿಸುತ್ತೀರಾ. ಅನುಮತಿ ಕೊಡುವವರು ಕೇಳುವುದು ಇಷ್ಟನ್ನೇ. ಮೊದಲೇ ಹೇಳಿದರೆ ಅವರು ಒಂದೇ ಮರುಪತ್ರದಲ್ಲಿ ಹೂಂ ಅಥವಾ ಉಹೂಂ ಅನ್ನಬಹುದು. ಬಂದ ಅನುಮತಿಯೂ ಇಷ್ಟಕ್ಕೇ ಸೀಮಿತ. ನಾಳೆ ಇದೇ ಹುಡುಗಿ ಪಿಎಚ್‌ಡಿಗೆ ಸೇರಿ 300 ಜನರನ್ನು ಕೇಳುತ್ತೇನೆಂದರೆ ಮತ್ತೆ ಬರೆಯಬೇಕು.

ಅಧ್ಯಾಪಕಿ ಫೋನನ್ನೇ ಮಾಡಿದರು. ಕೇಳದೆ ಬಳಸಿದವರ ಬಗ್ಗೆ ಸಿಟ್ಟಾಗುತ್ತಾರೆಂದು ನಾವು ಕಾದಿದ್ದರೆ, ಅವರು ಮಾತಾಡಿದ್ದೆಲ್ಲ ಪದಗಳ ಬಗ್ಗೆ. ಅನುವಾದಕ್ಕೆ ಅವರು ಇಬ್ಬರನ್ನು ಬೇರೆ ಬೇರೆ ಕೂರಿಸಿದ್ದರು. ಎರಡನ್ನೂ ಎದುರಿಟ್ಟು ಒಂದು ಮಾಡಿ, ಮೂಲವನ್ನು ನೋಡದ ಮೂರನೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ಹೋಲಿಸಿ, ಕೊನೆಗೆ ಕೆಲವು ಹೆಂಗಸರ ಎದುರು ಕೂತು ಈ ಪ್ರಶ್ನೆ ನಿಮಗೆ ಏನು ಕೇಳುತ್ತಿದೆ ಎಂದು ಒಂದೊಂದಾಗಿ ಕೇಳಿದ್ದರು. ಅನುವಾದ ಮಾಡುವ ಒಪ್ಪಿತ ಕ್ರಮವೇ ಇದು. ಆ ಕೊನೆಯ ಹಂತದಲ್ಲಿ ಅವರಿಗೆ ಕೈಕೊಟ್ಟ ಪದ 'ಆಗಾಗ'. ಐದು ಉತ್ತರಗಳ ನಡುವಿನದಕ್ಕೆ, ಅಂದರೆ 2 ಅಂಕದ್ದಕ್ಕೆ, ಮೊದಲು ಅದನ್ನೇ ಹಾಕಿದ್ದರಂತೆ. ಕೇಳಿದರೆ ಕೆಲವರಿಗೆ ಆಗಾಗ ಎಂದರೆ ಯಾವಾಗಲೋ ಒಮ್ಮೊಮ್ಮೆ, ಇನ್ನು ಕೆಲವರಿಗೆ ಪದೇ ಪದೇ. ಒಂದೇ ಪದ ಒಬ್ಬರಿಗೆ 2, ಇನ್ನೊಬ್ಬರಿಗೆ 3! ಅದಕ್ಕೆ ಅದನ್ನು ಕಿತ್ತು 'ಕೆಲವು ಸಲ' ಎಂದೂ, ಅದರ ಮೇಲಿನದಕ್ಕೆ 'ತುಂಬಾ ಸಲ' ಎಂದೂ ಹಾಕಿದ್ದರು. ಮುಂದಿನ ಥೀಸಿಸ್‌ನವರು ಅದನ್ನು ಮತ್ತೆ 'ಆಗಾಗ' ಮಾಡಿದ್ದಾರೆ, ಓದಲು ಚೆಂದವೆಂದಿರಬೇಕು.

ಇನ್ನೊಂದು, 'ನಿಮ್ಮ ಸಂಬಂಧಿ' ಎಂಬುದು. ಇಂಗ್ಲಿಷಿನಲ್ಲಿ ಆರೈಕೆ ಪಡೆಯುವವರನ್ನು ಆ ಒಂದು ಪದದಲ್ಲಿ ಹೇಳಿ ಮುಗಿಸುತ್ತಾರೆ. ಕನ್ನಡದಲ್ಲಿ ಅತ್ತೆಯನ್ನು ಸಂಬಂಧಿ ಎಂದರೆ ಮದುವೆಗೆ ಬಂದ ನೆಂಟರ ಮಾತಾಡಿದಂತೆ ಕೇಳುತ್ತದೆ. ಅಧ್ಯಾಪಕಿಯ ಪ್ರತಿಯಲ್ಲಿ ಅಲ್ಲಿ ಖಾಲಿ ಗೆರೆ ಇದೆ. ಮಾತಾಡಿಸುವವರು ಮೊದಲೇ ಕೇಳಿಕೊಂಡು ಅತ್ತೆ, ಅಪ್ಪ, ಯಜಮಾನರು ಎಂದು ತುಂಬಿ ಓದಬೇಕು. ಹೇಗೆ ಓದಬೇಕೆಂಬ ಒಂದು ಪುಟದ ಸೂಚನೆಯೂ ಜೊತೆಗಿತ್ತು. ಶೋಧಗಂಗಾದ ಅನುಬಂಧದಲ್ಲಿ ಆ ಪುಟವೂ ಇಲ್ಲ, ಖಾಲಿ ಗೆರೆಯೂ ಇಲ್ಲ. ಅನುಮತಿ ಕೇಳುವುದನ್ನು ಎಲ್ಲರೂ ಮರ್ಯಾದೆಯ ವಿಷಯವೆಂದು ಹೇಳುತ್ತಾರೆ. ಇಲ್ಲಿ ಹುಡುಗಿಗೆ ಸಿಕ್ಕಿದ್ದು ಮರ್ಯಾದೆಗಿಂತ ಹೆಚ್ಚಿನದು: ಸರಿಯಾದ ಪದಗಳು, ಸರಿಯಾದ ಅಂಕ, ಓದುವ ಕ್ರಮ.

ಅಧ್ಯಾಪಕಿ ಸಂತೋಷದಿಂದ ಹೂಂ ಅಂದರು. ಆದರೆ ಒಂದು ಮಾತು ಹೇಳಿದರು. ಅನುವಾದ ಮಾಡಲು ಅವರಿಗೆ ಆಗ ಬಂದಿದ್ದ ಅನುಮತಿ ಅವರ ಸ್ವಂತ ಅಧ್ಯಯನಕ್ಕೆ ಮಾತ್ರ. ಬೇರೆಯವರಿಗೆ ದಾಟಿಸುವ ಅಧಿಕಾರ ಅದರಲ್ಲಿ ಇರಲಿಲ್ಲ. ಇದು ಹೆಚ್ಚಿನವರಿಗೆ ತಿಳಿಯದ ಸೂಕ್ಷ್ಮ. ಅನುವಾದವೊಂದರ ಮೇಲೆ ಎರಡು ಪದರ ಹಕ್ಕಿದೆ. ಕೆಳಗಿನದು ಮೂಲದವರದು, ಮೇಲಿನದು ಅನುವಾದಕರದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಅನುವಾದ ಮಾಡುವ ಹಕ್ಕು ಮೂಲ ಕೃತಿಯ ಹಕ್ಕುದಾರರಿಗೆ ಸೇರಿದ್ದು. ಅದೇ ಕಾಯ್ದೆಯ 52ನೇ ಕಲಂ ಸ್ವಂತ ಸಂಶೋಧನೆಗಾಗಿ ನ್ಯಾಯಯುತವಾಗಿ ಬಳಸುವುದಕ್ಕೆ ವಿನಾಯಿತಿ ಕೊಡುತ್ತದೆ. ಗೈಡ್‌ಗಳು ಇದನ್ನೇ ಹಿಡಿದು ಏನೂ ಆಗೋದಿಲ್ಲ ಬಿಡಿ ಅನ್ನುವುದುಂಟು. ಒಂದು ಪ್ರತಿ ತೆಗೆದು ಓದಿ ಅಭ್ಯಾಸ ಮಾಡುವುದಕ್ಕೆ ಆ ವಿನಾಯಿತಿ ಸರಿ. 60 ಪ್ರತಿ ಮಾಡಿ ಹಂಚಿ, ಆಮೇಲೆ ಇಡೀ ಪ್ರಶ್ನಾವಳಿಯನ್ನು ಎಲ್ಲರೂ ಇಳಿಸಿಕೊಳ್ಳುವ ಕಡತದಲ್ಲಿ ಸೇರಿಸುವುದನ್ನೂ ಅದು ಕಾಪಾಡುತ್ತದೆಂದು ನಂಬಿ ಕೂರುವುದು ನನಗೆ ಸರಿಯೆನಿಸುವುದಿಲ್ಲ.

ಹಾಗಾಗಿ ಎರಡನೆಯ ಅರ್ಜಿ. ಝಾರಿಟ್ ಅಳತೆಗೋಲಿನ ವಿತರಣೆಯನ್ನು ನೋಡಿಕೊಳ್ಳುವುದು ಫ್ರಾನ್ಸಿನ ಲಿಯೋನ್ ನಗರದ ಮಾಪಿ ರಿಸರ್ಚ್ ಟ್ರಸ್ಟ್. ಅವರ ತಾಣದ ಹೆಸರು ePROVIDE. ಅಲ್ಲಿ ಖಾತೆ ತೆರೆದು, ಅಳತೆಗೋಲಿನ ಹೆಸರು ಹುಡುಕಿ, ಬಳಕೆಯ ಶರತ್ತುಗಳನ್ನು ಓದಿ ಅರ್ಜಿ ತುಂಬಬೇಕು. ಕೇಳುವ ವಿವರಗಳು ನಾವು ಪತ್ರದಲ್ಲಿ ಬರೆದವೇ, ಜೊತೆಗೆ ಯಾವ ಭಾಷೆಯ ಪಠ್ಯ ಬೇಕೆಂಬುದು. ಶುಲ್ಕ ಇದೆಯೋ ಇಲ್ಲವೋ ಎನ್ನುವುದು ಬಳಸುವವರು ಯಾರು, ಹಣ ಯಾರದು ಎಂಬುದರ ಮೇಲೆ ನಿಂತಿದೆ. ಧನಸಹಾಯವಿಲ್ಲದ ವಿದ್ಯಾರ್ಥಿಗಳು ಶುಲ್ಕಕ್ಕೆ ಹೆದರಿ ಹಿಂದೆ ಸರಿಯಬೇಕಾಗಿಲ್ಲ, ಆದರೂ ಅರ್ಜಿ ಹಾಕುವ ದಿನ ಆ ಪುಟದಲ್ಲಿ ಏನಿದೆಯೋ ಅದನ್ನೇ ಓದಿ. ಅರ್ಜಿಯಲ್ಲಿ ಹುಡುಗಿ ಎರಡು ಪ್ರಶ್ನೆ ಸೇರಿಸಿದಳು. ನಿಮ್ಮಲ್ಲಿ ಕನ್ನಡ ಪಠ್ಯವಿದೆಯೇ? ಇಲ್ಲದಿದ್ದರೆ, ಅನುವಾದಕರ ಒಪ್ಪಿಗೆ ಪತ್ರದೊಂದಿಗೆ ಈ ಅನುವಾದವನ್ನು ಬಳಸಬಹುದೇ? ಅವರಲ್ಲಿ ಪಠ್ಯವಿದೆ ಎಂದರೆ ಅದನ್ನೇ ಬಳಸಬೇಕಾಗುತ್ತದೆ, ಅಧ್ಯಾಪಕಿಯದು ಎಷ್ಟೇ ಚೆನ್ನಾಗಿದ್ದರೂ.

ಅವಳ ಗೈಡ್ ಎರಡು ಸಲಹೆ ಕೊಟ್ಟಿದ್ದರು, ಎರಡೂ ಇಲ್ಲಿಗೆ ಬಂದು ನಿಂತವು. ಮೊದಲನೆಯದು, ಎಲ್ಲವನ್ನೂ ಗೂಗಲ್ ಫಾರ್ಮ್‌ಗೆ ಹಾಕಿ ಸಂಘದ ವಾಟ್ಸಾಪ್ ಗುಂಪಿಗೆ ಬಿಡು ಎಂಬುದು. ಕಾಗದದ ಅನುಮತಿ ತೆರೆಯ ಮೇಲಿನ ಬಳಕೆಗೆ ಬರುವುದಿಲ್ಲ. ಎಲೆಕ್ಟ್ರಾನಿಕ್ ರೂಪಕ್ಕೆ ಬೇರೆಯಾಗಿ ಕೇಳಬೇಕು, ಏಕೆಂದರೆ ಲಿಂಕ್ ಒಮ್ಮೆ ಹೊರಬಿದ್ದರೆ ಪ್ರಶ್ನೆಗಳು ಎಲ್ಲರ ಕೈಗೂ ಹೋದಂತೆ. ಎರಡನೆಯದು, ಹಣದ ವಿಚಾರದ ಪ್ರಶ್ನೆ ನಮ್ಮ ಹೆಂಗಸರಿಗೆ ಮುಜುಗರ, ಅದನ್ನು ತೆಗೆದುಬಿಡು ಎಂಬುದು. ಒಂದು ಪ್ರಶ್ನೆ ತೆಗೆದರೆ ಉಳಿಯುವುದು 21, ಗರಿಷ್ಠ ಅಂಕ 88ರಿಂದ 84ಕ್ಕೆ ಇಳಿಯುತ್ತದೆ, 20, 40, 60ರ ಗೆರೆಗಳು ಅದಕ್ಕೆ ಅನ್ವಯಿಸುವುದಿಲ್ಲ. ಉಳಿದವರ ಅಧ್ಯಯನಗಳೊಂದಿಗೆ ಹೋಲಿಸುವ ಹಾಗೂ ಇಲ್ಲ. ಉತ್ತರಿಸಲು ಇಷ್ಟವಿಲ್ಲದವರು ಬಿಡಬಹುದು ಎಂದು ಹೇಳಿ, ಎಷ್ಟು ಜನ ಬಿಟ್ಟರು ಎಂದು ಬರೆಯುವುದು ಒಳ್ಳೆಯದು. ಮುಜುಗರವಾಯಿತು ಎಂಬುದೇ ಅಧ್ಯಯನದ ಒಂದು ಉತ್ತರವಲ್ಲವೇ.

ಬದಲಾಯಿಸಲೇಬಾರದು ಎಂದಲ್ಲ. ಓದುಬರಹ ಬಲ್ಲವರಿಗೆಂದು ಮಾಡಿದ ಅಮೆರಿಕದ ಮಾನಸಿಕ ಸ್ಥಿತಿ ಪರೀಕ್ಷೆಯೊಂದನ್ನು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಬಳಸಬೇಕಾದಾಗ, ಮೇರಿ ಗಂಗೂಲಿ ಮತ್ತು ಜೊತೆಯವರು ಬರೆದದ್ದನ್ನು ಓದಿ ಹಾಗೆ ಮಾಡಿ ಎಂಬ ಪ್ರಶ್ನೆಯ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದಿಟ್ಟರು. ಒಂದು ವಾಕ್ಯ ಬರೆಯಿರಿ ಎಂಬಲ್ಲಿ ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದರು. 1995ರಲ್ಲಿ ಪ್ರಕಟಿಸುವಾಗ ಅದಕ್ಕೆ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಶನ್ ಎಂದು ಬೇರೆ ಹೆಸರಿಟ್ಟು, ಯಾವುದರಿಂದ ಹುಟ್ಟಿತು, ಏನು ಬದಲಾಯಿತು ಎಂದು ಬರೆದರು. ಬದಲಾಯಿಸಿದ ಮೇಲೂ ಹಳೆಯ ಹೆಸರನ್ನೇ ಹೊತ್ತು ತಿರುಗುವುದು ತೊಂದರೆಯ ಕೆಲಸ.

ಆ ಮೂಲ ಪರೀಕ್ಷೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಬಳಸುತ್ತಾರೆ, ನಮಗ್ಯಾಕೆ ಅನುಮತಿ ಎಂಬ ಮಾತಿಗೆ ಉತ್ತರ ಅಲ್ಲಿದೆ. ಫೋಲ್‌ಸ್ಟೀನ್ ದಂಪತಿ ಮತ್ತು ಮ್ಯಾಕ್‌ಹ್ಯೂ ಅದನ್ನು 1975ರಲ್ಲಿ ಪ್ರಕಟಿಸಿದರು. ಕಾಲು ಶತಮಾನ ಜಗತ್ತಿನ ವೈದ್ಯರು ಅದನ್ನು ಜೇಬಿನ ಚೀಟಿಯಂತೆ ಬಳಸಿದರು, ಪಠ್ಯಪುಸ್ತಕಗಳಲ್ಲಿ ಅಚ್ಚು ಹಾಕಿದರು. 2001ರಲ್ಲಿ ಅದರ ಪರವಾನಗಿ ಒಂದು ಪ್ರಕಾಶನ ಸಂಸ್ಥೆಯ ಕೈಗೆ ಹೋಗಿ ಪ್ರತಿ ಹಾಳೆಗೆ ಬೆಲೆ ಬಂತು. 2011ರಲ್ಲಿ ಬೇರೆ ವೈದ್ಯರು ಉಚಿತವಾಗಿ ಕೊಡಲೆಂದು ಮಾಡಿದ 16 ಅಂಶಗಳ ಹೊಸ ಪರೀಕ್ಷೆಯೂ ಕೃತಿಸ್ವಾಮ್ಯದ ತಕರಾರಿನಿಂದ ಅಂತರ್ಜಾಲದಿಂದ ಮರೆಯಾಯಿತು. ಔಷಧಿಯನ್ನು ಹೇಳಿದಂತೆ ತೆಗೆದುಕೊಳ್ಳುತ್ತಾರೆಯೇ ಎಂದು 8 ಪ್ರಶ್ನೆಗಳಲ್ಲಿ ಅಳೆಯುವ ಮೊರಿಸ್ಕಿ ಅಳತೆಗೋಲಿನದು ಇನ್ನೂ ಖಾರದ ಕಥೆ. ಕೇಳದೆ ಬಳಸಿ ಲೇಖನ ಪ್ರಕಟಿಸಿದವರಿಗೆ ಆಮೇಲೆ ಪರವಾನಗಿ ಶುಲ್ಕದ ಪತ್ರ ಹೋಯಿತು. ಕೆಲವು ಲೇಖನಗಳು ಹಿಂತೆಗೆಯಲ್ಪಟ್ಟವು. ಆ ಶುಲ್ಕಗಳು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಅಲ್ಲ ಎಂದೇ. ಆದರೆ ಮಾಹಿತಿ ಕೂಡಿಸಿದ ಮೇಲೆ ಆ ವಾದ ಮಾಡುವ ವಿದ್ಯಾರ್ಥಿಯ ಕೈಯಲ್ಲಿ ಏನೂ ಇರುವುದಿಲ್ಲ. ಮಾಡುವುದಾದರೆ ಮೊದಲೇ ಮಾಡಿ ಬೇರೆ ಅಳತೆಗೋಲು ಆರಿಸಿಕೊಳ್ಳಬೇಕು.

ಅನುಮತಿಯೇ ಬೇಡದವೂ ಇವೆ. ಖಿನ್ನತೆಯನ್ನು ಅಳೆಯುವ 9 ಪ್ರಶ್ನೆಗಳ ಪಿಎಚ್‌ಕ್ಯೂ-9ರ ಹಾಳೆಯ ಕೆಳಗೇ, ಇದನ್ನು ಅಚ್ಚು ಹಾಕಲು, ಅನುವಾದಿಸಲು, ಹಂಚಲು ಅನುಮತಿ ಬೇಕಿಲ್ಲ ಎಂಬ ಸಾಲಿದೆ. ಆದರೆ ಅನುಮತಿ ಬೇಡ ಎಂದ ಮಾತ್ರಕ್ಕೆ ಹೆಸರು ಬೇಡ ಎಂದಲ್ಲ. ಯಾರು ಮಾಡಿದ್ದು, ಯಾವ ವರ್ಷದ್ದು, ಕನ್ನಡ ಪಠ್ಯ ಎಲ್ಲಿಂದ ಪಡೆದದ್ದು ಎಂದು ಅಲ್ಲೂ ಬರೆಯಲೇಬೇಕು.

ಉತ್ತರವೇ ಬರದಿದ್ದರೆ? ಎರಡು ಮೂರು ವಾರ ಕಾದು ಮತ್ತೊಮ್ಮೆ ಬರೆಯಿರಿ. ಹಳೆಯ ಲೇಖನದ ಇಮೇಲ್ ಸತ್ತಿರಬಹುದು, ಅವರ ಇತ್ತೀಚಿನ ಲೇಖನದ ವಿಳಾಸ ನೋಡಿ. ಹಕ್ಕು ಲೇಖಕರ ಬದಲು ಪತ್ರಿಕೆಯ ಪ್ರಕಾಶಕರ ಬಳಿ ಇದ್ದರೆ ಅವರಿಗೆ ಬರೆಯಿರಿ. ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ಮದುವೆ ಮಾತುಕತೆಯಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ. ಎಥಿಕ್ಸ್ ಕಮಿಟಿಗೆ ಕಡತ ಕೊಡುವ ಎರಡು ತಿಂಗಳು ಮೊದಲೇ ಈ ಪತ್ರಗಳು ಹೋಗಿರಬೇಕು.

ಹುಡುಗಿಯ ಅರ್ಜಿ ಹೋಗಿ ಹನ್ನೊಂದು ದಿನವಾಯಿತು, ಇದನ್ನು ಬರೆಯುವ ಹೊತ್ತಿಗೆ ಲಿಯೋನ್‌ನಿಂದ ಉತ್ತರ ಬಂದಿಲ್ಲ. ಹಾಗೆಂದು ಅವಳು ಕೈಕಟ್ಟಿ ಕೂತಿಲ್ಲ. ಅಳತೆಗೋಲು ಬೇಕಿಲ್ಲದ ಭಾಗವನ್ನು, ದಿನಕ್ಕೆ ಎಷ್ಟು ಗಂಟೆ ಆರೈಕೆ, ರಾತ್ರಿ ಎಷ್ಟು ಸಲ ಏಳುತ್ತೀರಿ, ಬದಲಿಗೆ ಯಾರಿದ್ದಾರೆ ಎಂಬ ತನ್ನದೇ ಪ್ರಶ್ನೆಗಳನ್ನು ಸಿದ್ಧ ಮಾಡುತ್ತಿದ್ದಾಳೆ. ವಿಧಾನದ ಅಧ್ಯಾಯಕ್ಕೆ ಹಾಕುವ ಸಾಲುಗಳನ್ನೂ ಬರೆದಿಟ್ಟಿದ್ದಾಳೆ: "ಆರೈಕೆಯ ಹೊರೆಯನ್ನು ಝಾರಿಟ್ ಅವರ 22 ಪ್ರಶ್ನೆಗಳ ರೂಪದಿಂದ ಅಳೆಯಲಾಯಿತು (ಝಾರಿಟ್, ಆರ್ ಮತ್ತು ಝಾರಿಟ್, 1985). ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 0ಯಿಂದ 88. ಬಳಸಿದ್ದು ಇಂಥವರ ಕನ್ನಡ ಅನುವಾದ, ಇಂಥ ವರ್ಷದ್ದು. ಅನುವಾದಕರ ಒಪ್ಪಿಗೆಯೂ ಮಾಪಿ ರಿಸರ್ಚ್ ಟ್ರಸ್ಟ್‌ನ ಪರವಾನಗಿಯೂ ಇಂಥ ದಿನಾಂಕಗಳಂದು ದೊರೆತಿವೆ. ಪ್ರಶ್ನೆಗಳನ್ನು ಬದಲಿಸಿಲ್ಲ. ಪರವಾನಗಿಯ ಶರತ್ತಿನಂತೆ ಪೂರ್ಣ ಪಠ್ಯವನ್ನು ಇಲ್ಲಿ ಕೊಟ್ಟಿಲ್ಲ, ಪಡೆಯುವ ವಿಳಾಸ ಕೊಟ್ಟಿದೆ." ಪರವಾನಗಿಯ ದಿನಾಂಕದ ಜಾಗ ಇನ್ನೂ ಖಾಲಿ. ಬರದಿದ್ದರೆ ಆ ಪ್ಯಾರಾ ಪೂರ್ತಿ ಹೋಗಿ ಬೇರೆ ಅಳತೆಗೋಲಿನದು ಬರುತ್ತದೆ, ಅದಕ್ಕೂ ಅವಳು ಸಿದ್ಧ.

ಮೊನ್ನೆ ಅವಳು ಕೇಳಿದ ಪ್ರಶ್ನೆಗೆ ಮಾತ್ರ ನಾವಿಬ್ಬರೂ ಇನ್ನೂ ಉತ್ತರ ಹುಡುಕುತ್ತಿದ್ದೇವೆ. ಪಟ್ಟಿಯ 60 ಮನೆಗಳಲ್ಲಿ ಕನಿಷ್ಠ ಹದಿನೈದರಲ್ಲಿ ಮನೆಮಾತು ತುಳು. ಕನ್ನಡ ಓದುತ್ತಾರೆ, ಬರೆಯುತ್ತಾರೆ, ಆದರೆ ಅತ್ತೆಯ ಮೇಲಿನ ಸಿಟ್ಟನ್ನು ಹೇಳುವುದು ತುಳುವಿನಲ್ಲೇ. ಅವಳು ಪ್ರಶ್ನೆಯನ್ನು ಕನ್ನಡದಲ್ಲಿ ಓದಿ, ಅರ್ಥವಾಗದಿದ್ದರೆ ತುಳುವಿನಲ್ಲಿ ವಿವರಿಸಿದರೆ ಅದು ಅಲ್ಲೇ ಹುಟ್ಟಿದ, ಯಾರೂ ಪರೀಕ್ಷಿಸದ ಅನುವಾದ. ಸದ್ಯಕ್ಕೆ ಮಾಡಿರುವ ವ್ಯವಸ್ಥೆ ಇಷ್ಟು: ಪ್ರಶ್ನೆಯನ್ನು ಕನ್ನಡದಲ್ಲೇ ಎರಡು ಸಲ ಓದುವುದು, ತುಳುವಿನಲ್ಲಿ ಹೇಳಲೇಬೇಕಾಗಿ ಬಂದರೆ ಹಾಳೆಯ ಅಂಚಿನಲ್ಲಿ ಆ ಪ್ರಶ್ನೆಯ ಎದುರು 'ತು' ಎಂದು ಗುರುತು ಹಾಕುವುದು, ಕೊನೆಗೆ 'ತು' ಗುರುತಿನವನ್ನು ಬೇರೆ ಎಣಿಸಿ ವರದಿಯಲ್ಲಿ ತೋರಿಸುವುದು. ಅಧ್ಯಾಪಕಿಗೂ ಬರೆದು ಕೇಳಿದ್ದಾಳೆ. ಅವರ ಮನೆಮಾತೂ ತುಳುವೇ ಎಂದು ಆ ಫೋನಿನಲ್ಲಿ ಗೊತ್ತಾಗಿತ್ತು.